ಫ್ರಿಜ್ಜಿನಲ್ಲಿ ಉಳಿದ ಅರೆ ಬಾಟಲಿ ಔಷಧಿ

ರಾತ್ರಿ ಒಂಬತ್ತೂವರೆ ದಾಟಿದೆ. ಮೂರು ವರ್ಷದ ಮಗಳಿಗೆ ಸಂಜೆಯಿಂದ ಜ್ವರ, ಮೂಗು ಸೋರುತ್ತಿದೆ, ಆಗಾಗ ಕೆಮ್ಮು. ಬಡಾವಣೆಯ ಕ್ಲಿನಿಕ್ ಬಾಗಿಲು ಹಾಕಿದೆ, ಗಂಡ ರಾತ್ರಿ ಪಾಳಿಗೆ ಹೋಗಿದ್ದಾನೆ. ತಾಯಿ ಫ್ರಿಜ್ಜಿನ ಬಾಗಿಲಲ್ಲಿದ್ದ ಬಾಟಲಿಯನ್ನು ಹೊರಗೆ ತೆಗೆಯುತ್ತಾಳೆ. ಎರಡು ತಿಂಗಳ ಹಿಂದೆ ಎಂಟು ವರ್ಷದ ಮಗನಿಗೆ ಕಿವಿ ಸೋಂಕಾದಾಗ ತಂದಿದ್ದ ಆಂಟಿಬಯೋಟಿಕ್ ಸಿರಪ್ ಅದು. ಅವನಿಗೆ ಮೂರೇ ದಿನದಲ್ಲಿ ವಾಸಿಯಾಗಿತ್ತು. ಲೇಬಲ್ ಮೇಲಿನ ಎಕ್ಸ್‌ಪೈರಿ ತಾರೀಖು ಮುಂದಿನ ವರ್ಷದ್ದು. ದೊಡ್ಡವನಿಗೆ ಐದು ಎಂ.ಎಲ್. ಆದರೆ ಇವಳಿಗೆ ಎರಡೂವರೆ ಸಾಕು ಎಂದು ಲೆಕ್ಕ ಹಾಕಿ, ಮುಚ್ಚಳಕ್ಕೆ ಬಗ್ಗಿಸಿಯೂ ಆಗಿದೆ.

ಒಂದು ಮನೆಯದೆಂಬಂತೆ ಹೇಳಿದರೂ ಇದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಈ ತಾಯಿ ಕುಡಿಸುವ ಮುನ್ನ ಒಂದು ಫೋನ್ ಮಾಡಿದಳು. ಅವಳ ಅತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್.

“ಅತ್ತಿಗೆ, ಎರಡೂವರೆ ಎಂ.ಎಲ್. ಕೊಟ್ಟರೆ ಸಾಕಲ್ವಾ?”

“ಎಷ್ಟು ಅನ್ನೋದು ಆಮೇಲೆ. ಆ ಬಾಟಲಿಗೆ ನೀರು ಬೆರೆಸಿದ್ದು ಯಾವಾಗ ಹೇಳು.”

ತಾಯಿಗೆ ಆ ಪ್ರಶ್ನೆಯೇ ಹೊಸದು.

ಮಕ್ಕಳಿಗೆ ಕೊಡುವ ಆಂಟಿಬಯೋಟಿಕ್ ಸಿರಪ್‌ಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಪುಡಿಯ ರೂಪದಲ್ಲಿರುತ್ತವೆ. ಮನೆಗೆ ತಂದ ಮೇಲೆ ಜೊತೆಗೆ ಕೊಟ್ಟ ಶುದ್ಧ ನೀರನ್ನೋ ಕುದಿಸಿ ಆರಿಸಿದ ನೀರನ್ನೋ ಬಾಟಲಿಯ ಗುರುತಿನವರೆಗೆ ತುಂಬಿ ಕುಲುಕಬೇಕು. ಲೇಬಲ್ ಮೇಲೆ ಅಚ್ಚಾಗಿರುವ ಎಕ್ಸ್‌ಪೈರಿ ಆ ಒಣ ಪುಡಿಗೆ ಸಂಬಂಧಿಸಿದ್ದು. ನೀರು ಬಿದ್ದ ಗಳಿಗೆಯಿಂದ ಬೇರೆಯೇ ಲೆಕ್ಕ ಶುರುವಾಗುತ್ತದೆ. ಈ ಮನೆಯಲ್ಲಿದ್ದದ್ದು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲ ಸೇರಿದ ಔಷಧಿ. ಕ್ಲಾವುಲಾನಿಕ್ ಆಮ್ಲ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಅದಕ್ಕೇ ಬೆರೆಸಿದ ಸಿರಪ್ಪನ್ನು ಫ್ರಿಜ್ಜಿನಲ್ಲಿಟ್ಟು 7 ದಿನದೊಳಗೆ ಬಳಸಿ, ಉಳಿದದ್ದನ್ನು ಬಿಸಾಡಬೇಕು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎರಡು ತಿಂಗಳಾದ ಬಾಟಲಿಯಲ್ಲಿ ಔಷಧಿಯ ಶಕ್ತಿ ಎಷ್ಟು ಉಳಿದಿದೆ ಎಂದು ಯಾರೂ ಹೇಳಲಾರರು. ಬಣ್ಣ, ವಾಸನೆ ನೋಡಿಯೂ ಅದು ಖಚಿತವಾಗಿ ತಿಳಿಯುವುದಿಲ್ಲ.

ಅತ್ತಿಗೆಯ ಎರಡನೆಯ ಪ್ರಶ್ನೆ ಕಾಯಿಲೆಯ ಬಗ್ಗೆ. ಮಗನಿಗೆ ಆಗಿದ್ದು ಕಿವಿಯ ಸೋಂಕು, ವೈದ್ಯರು ಕಿವಿಯೊಳಗೆ ನೋಡಿ ಬರೆದುಕೊಟ್ಟ ಔಷಧಿ ಅದು. ಮಗಳಿಗೆ ಬಂದಿರುವುದು ನೆಗಡಿ, ಕೆಮ್ಮು, ಜ್ವರ. ಈ ಮೂರೂ ಒಟ್ಟಿಗೆ ಬಂದಾಗ ಕಾರಣ ಬಹುಪಾಲು ವೈರಸ್ಸೇ. ಅಮಾಕ್ಸಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಕೋಶಭಿತ್ತಿಯನ್ನು ಕೆಡಿಸುವ ಮೂಲಕ. ವೈರಸ್ಸಿಗೆ ಅಂಥ ಭಿತ್ತಿಯೇ ಇಲ್ಲದ್ದರಿಂದ ಔಷಧಿ ಎಷ್ಟೇ ತಾಜಾ ಆಗಿದ್ದರೂ ಅದರ ಮೇಲೆ ನಡೆಯುವುದಿಲ್ಲ. ಸಿಂಬಳ ಹಳದಿಗೋ ಹಸಿರಿಗೋ ತಿರುಗಿದರೆ ಆಂಟಿಬಯೋಟಿಕ್ ಬೇಕೇಬೇಕು ಎಂಬ ನಂಬಿಕೆ ಮನೆಮನೆಯಲ್ಲಿದೆ. ವೈರಸ್ ನೆಗಡಿಯಲ್ಲೂ ಎರಡು ಮೂರು ದಿನಕ್ಕೆ ಸಿಂಬಳ ಹಾಗೆ ಬಣ್ಣ ತಿರುಗುವುದು ಸಾಮಾನ್ಯ.

ಇನ್ನು ಪ್ರಮಾಣ. ಮಕ್ಕಳ ಔಷಧಿಯನ್ನು ವಯಸ್ಸು ನೋಡಿ ಅರ್ಧ, ಕಾಲು ಎಂದು ಹಂಚುವುದಲ್ಲ, ತೂಕಕ್ಕೆ ಲೆಕ್ಕ ಹಾಕುತ್ತಾರೆ. ಮಗನ ತೂಕ 24 ಕಿಲೋ, ಮಗಳದು 12. ಹಾಗಾಗಿ ತಾಯಿಯ ಅಂದಾಜು ಅಷ್ಟೇನೂ ತಪ್ಪಿರಲಿಲ್ಲ. ಅದು ಹೊಂದಿಕೆಯಾದದ್ದು ಅದೃಷ್ಟದಿಂದ ಮಾತ್ರ. ಇದೇ ಔಷಧಿ 5 ಎಂ.ಎಲ್.ಗೆ 228.5 ಮಿಲಿಗ್ರಾಂ ಮತ್ತು 457 ಮಿಲಿಗ್ರಾಂ ಎಂಬ ಎರಡು ಶಕ್ತಿಗಳಲ್ಲಿ ಸಿಗುತ್ತದೆ. ಬಾಟಲಿಗಳು ನೋಡಲು ಒಂದೇ ತರಹ, ಒಳಗಿನ ಔಷಧಿ ಎರಡು ಪಟ್ಟು ವ್ಯತ್ಯಾಸ.

ಹಾಗಿದ್ದರೆ ಒಂದು ಚಮಚ ಕುಡಿಸಿದ್ದರೆ ಏನಾಗುತ್ತಿತ್ತು? ಬಹುಶಃ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ. ಭೇದಿಯಾಗಬಹುದಿತ್ತು, ಮೈಮೇಲೆ ದದ್ದು ಏಳಬಹುದಿತ್ತು. ಪೆನ್ಸಿಲಿನ್ ಅಲರ್ಜಿ ಇರುವ ಮಗುವಾಗಿದ್ದರೆ ಉಸಿರಿಗೇ ತೊಂದರೆಯಾಗಬಹುದಿತ್ತು. ತಾಯಂದಿರ ಗಮನಕ್ಕೆ ಬಾರದ ಇನ್ನೊಂದು ಅಪಾಯವಿದೆ. ಜ್ವರದ ಮೂಲ ಮೂತ್ರದ ಸೋಂಕೋ ಟೈಫಾಯಿಡೋ ಆಗಿದ್ದರೆ, ಅರೆಬರೆ ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲದೆ ಅಡಗಿಸಿಬಿಡುತ್ತದೆ. ಮಾರನೆಯ ದಿನ ರಕ್ತ ಅಥವಾ ಮೂತ್ರದ ಕಲ್ಚರ್ ಮಾಡಿಸಿದರೆ ಏನೂ ಬೆಳೆಯುವುದಿಲ್ಲ, ವೈದ್ಯರು ಕಾರಣ ತಿಳಿಯದೆ ಚಿಕಿತ್ಸೆ ನಡೆಸಬೇಕಾಗುತ್ತದೆ.

ಮೂರನೆಯದು ನಿಧಾನವಾಗಿ ಆಗುವ ಹಾನಿ. ಮಗುವಿನ ಕರುಳಲ್ಲಿ, ಗಂಟಲಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಇರುತ್ತವೆ. ಬೇಡದ ಆಂಟಿಬಯೋಟಿಕ್ ಒಳಗೆ ಹೋದಾಗಲೆಲ್ಲ ಸೋಲುವವು ಸಾಯುತ್ತವೆ, ತಡೆದುಕೊಳ್ಳುವವು ಉಳಿದು ಹೆಚ್ಚುತ್ತವೆ. ಮುಂದೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದೇ ಔಷಧಿ ಕೈಕೊಡಬಹುದು. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಗಂಟಲು ನೋವಿಗೆ ತಾನೇ ಪೆನ್ಸಿಲಿನ್ ಕೊಂಡು ಸಾಕಾಗದಷ್ಟು ಸೇವಿಸಿದವನೊಬ್ಬ, ಔಷಧಿಗೆ ಬಗ್ಗದ ರೋಗಾಣುವನ್ನು ಹೆಂಡತಿಗೆ ಅಂಟಿಸುವ ಉದಾಹರಣೆಯನ್ನು ಅವರು ಕಟ್ಟಿ ಹೇಳಿದ್ದರು. ನಮ್ಮ ದೇಶದಲ್ಲೂ ವೈದ್ಯರ ಚೀಟಿ ಇಲ್ಲದೆ ಬಳಸಬಾರದ ಔಷಧಿಗಳ ಪಟ್ಟಿಯ ಮೇಲೆ ಕೆಂಪು ಗೆರೆ ಇರುತ್ತದೆ. ಆ ಗೆರೆಯ ಅರ್ಥ ಜನರಿಗೆ ತಿಳಿಯಲೆಂದು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಆಂದೋಲನವನ್ನೇ ಆರಂಭಿಸಿತು.

ಆ ರಾತ್ರಿ ತಾಯಿಗೆ ಬೇಕಿದ್ದದ್ದು ಬೆಳಗಿನವರೆಗೆ ಏನು ಮಾಡಬೇಕೆಂಬ ದಾರಿ. ಅತ್ತಿಗೆ ಮೊದಲು ಉಸಿರು ಎಣಿಸಲು ಹೇಳಿದಳು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ಎಣಿಸಬೇಕು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು, ನ್ಯುಮೋನಿಯಾದ ಸೂಚನೆ. ಇವಳದು 30ರ ಆಸುಪಾಸಿನಲ್ಲಿತ್ತು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿರಲಿಲ್ಲ. ನೀರು ಕುಡಿಯುತ್ತಿದ್ದಳು, ಕರೆದರೆ ನೋಡುತ್ತಿದ್ದಳು.

ಆಮೇಲೆ ಜ್ವರಕ್ಕೆ ಪ್ಯಾರಾಸಿಟಮಾಲ್. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಎಂದರೆ 12 ಕಿಲೋದ ಮಗುವಿಗೆ 180 ಮಿಲಿಗ್ರಾಂ. 5 ಎಂ.ಎಲ್.ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು ಸುಮಾರು ಮೂರೂವರೆ ಎಂ.ಎಲ್. ಆರು ಗಂಟೆಯ ಅಂತರ ಬಿಟ್ಟು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಈ ಸಿರಪ್ಪೂ ಬೇರೆ ಬೇರೆ ಶಕ್ತಿಗಳಲ್ಲಿ ಸಿಗುವುದರಿಂದ ಲೇಬಲ್ ಓದದೆ ಅಳೆಯುವಂತಿಲ್ಲ. ಜೊತೆಗೆ ಗಂಜಿಯೋ ಎಳನೀರೋ ಮಗು ಒಪ್ಪುವಷ್ಟು.

ಬೆಳಿಗ್ಗೆ ವೈದ್ಯರು ಗಂಟಲು, ಕಿವಿ, ಎದೆ ಪರೀಕ್ಷಿಸಿ ವೈರಸ್ ಜ್ವರವೆಂದರು, ಆಂಟಿಬಯೋಟಿಕ್ ಬರೆಯಲಿಲ್ಲ. ಮೂರನೆಯ ದಿನ ಜ್ವರ ಬಿಟ್ಟಿತು. ಕೆಮ್ಮು ಮಾತ್ರ ಹತ್ತು ದಿನ ಉಳಿಯಿತು. ನೆಗಡಿಯ ನಂತರ ಅದು ಸಹಜ.

ಔಷಧಿ ಉಳಿಯುವುದು ಯಾವಾಗಲೂ ಅರ್ಧಕ್ಕೆ ನಿಲ್ಲಿಸಿದ್ದರಿಂದಲೇ ಅಲ್ಲ. ಆ ಹುಡುಗನಿಗೆ ಬರೆದದ್ದು ದಿನಕ್ಕೆರಡು ಸಲ ಐದೈದು ಎಂ.ಎಲ್., ಐದು ದಿನ, ಅಂದರೆ 50 ಎಂ.ಎಲ್. ಬಾಟಲಿ ಸಿಗುವುದು 30ರದ್ದು. ಎರಡು ಕೊಳ್ಳಲೇಬೇಕು, ಪೂರಾ ಕುಡಿಸಿದರೂ 10 ಎಂ.ಎಲ್. ಉಳಿಯಲೇಬೇಕು. ಆದ್ದರಿಂದ ನೀರು ಬೆರೆಸಿದ ದಿನವೇ ಲೇಬಲ್ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ವೈದ್ಯರು ಹೇಳಿದಷ್ಟು ದಿನ ಮುಗಿದ ಮೇಲೆ ಉಳಿದದ್ದನ್ನು ಸಿಂಕಿಗೆ ಸುರಿಯದೆ, ಬಳಸಿದ ಚಹಾಪುಡಿಯಲ್ಲಿ ಬೆರೆಸಿ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರು ವೇಗವಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.