‘ನೋವು ಕಡಿಮೆಯಾಗಬೇಕು’ ಎಂದರೆ ಎಷ್ಟು, ಎಷ್ಟು ಹೊತ್ತಿಗೆ?

ನರ್ಸಿಂಗ್ ವಿದ್ಯಾರ್ಥಿಗಳ ಕೇರ್ ಪ್ಲ್ಯಾನ್ ತಿದ್ದುವಾಗ ನನಗೆ ಅತಿ ಹೆಚ್ಚು ಸಿಗುವ ಸಾಲು ‘ರೋಗಿಯ ನೋವು ಕಡಿಮೆಯಾಗುತ್ತದೆ’. ತಪ್ಪಲ್ಲ, ಆದರೆ ಉಪಯೋಗವೂ ಇಲ್ಲ. ರಾತ್ರಿ ಪಾಳಿಗೆ ಬಂದವರು ಅದನ್ನು ಓದಿದರೆ ಗುರಿ ಮುಟ್ಟಿತೋ ಇಲ್ಲವೋ ಹೇಳಲಾರರು.

ನಮ್ಮ ಕಡೆಯದೇ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಿಂದ ಹತ್ತೊಂಬತ್ತರ ಸೋಲಿಗ ಹುಡುಗನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆತಂದಿದ್ದಾರೆ. ಅವನಿಗೆ ಸಿಕಲ್ ಸೆಲ್ ಕಾಯಿಲೆ ಇದೆ. ಸೋಲಿಗರಲ್ಲಿ ಕಂಡುಬರುವ, ತಂದೆ ತಾಯಿ ಇಬ್ಬರಿಂದಲೂ ಬರುವ ಕಾಯಿಲೆ ಇದು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮುಂದಕ್ಕೆ ರಕ್ತ ಹೋಗದೆ ಮೂಳೆ, ಬೆನ್ನು, ಕಾಲು ನೋಯುತ್ತವೆ. ನೀರು ಸಾಲದಿದ್ದಾಗ, ಚಳಿಯಲ್ಲಿ, ಸೋಂಕು ತಗುಲಿದಾಗ ಈ ನೋವು ಕೆರಳುತ್ತದೆ. ‘ಸಿಸ್ಟರ್, ಕಾಲು ತಡ್ಕೊಳಕ್ಕಾಗ್ತಿಲ್ಲ’ ಎನ್ನುತ್ತಾನೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದರೆ 8 ಎನ್ನುತ್ತಾನೆ.

ಈ 8 ಅನ್ನು ಮೊದಲು ಬರೆದುಕೊಳ್ಳಬೇಕು. ಎಲ್ಲಿಂದ ಹೊರಟೆವೆಂಬುದು ಗೊತ್ತಿಲ್ಲದೆ ಎಲ್ಲಿಗೆ ಮುಟ್ಟಬೇಕೆಂದು ಬರೆಯಲಾಗದು. ಈಗ ಗುರಿ ಹೀಗಾಗುತ್ತದೆ: ‘ವೈದ್ಯರು ಬರೆದ ನೋವಿನ ಚುಚ್ಚುಮದ್ದು ಕೊಟ್ಟ ಒಂದು ಗಂಟೆಯೊಳಗೆ ರೋಗಿ ತನ್ನ ನೋವು 10ರಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಎಂದು ಹೇಳುತ್ತಾನೆ.’ ಯಾರು, ಏನು, ಎಷ್ಟು, ಎಷ್ಟು ಹೊತ್ತಿಗೆ, ಎಲ್ಲವೂ ಇದರಲ್ಲಿದೆ. 4 ಎಂಬುದನ್ನೂ ನಾವೇ ತೀರ್ಮಾನಿಸಬಾರದು. ‘ಎಷ್ಟಕ್ಕಿಳಿದರೆ ಎದ್ದು ಕೂತು ಊಟ ಮಾಡ್ತೀಯಪ್ಪ?’ ಎಂದು ಅವನನ್ನೇ ಕೇಳಬೇಕು. ಸಂಖ್ಯೆಯಲ್ಲಿ ಹೇಳಲಾಗದ ಅಜ್ಜಿಯಾದರೆ ‘ಇಲ್ಲ, ಸ್ವಲ್ಪ, ಜಾಸ್ತಿ, ತಡ್ಕೊಳಕ್ಕಾಗಲ್ಲ’ ಎಂಬ ನಾಲ್ಕು ಮಾತಿನಲ್ಲಿ ಅಳೆಯಬಹುದು. ಮೊದಲು ಯಾವ ಅಳತೆ ಬಳಸಿದೆವೋ ಕೊನೆಯವರೆಗೂ ಅದೇ ಇರಬೇಕು.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ‘ನೋವನ್ನು ಪ್ರತಿ ಅರ್ಧ ಗಂಟೆಗೆ ಅಳೆಯುವುದು’ ಎಂದು ಗುರಿಯ ಅಂಕಣದಲ್ಲಿ ಬರೆಯುತ್ತಾರೆ. ಅದು ನರ್ಸ್ ಮಾಡುವ ಕೆಲಸ. ಗುರಿಯ ವಾಕ್ಯದಲ್ಲಿ ಕರ್ತೃ ರೋಗಿಯೇ ಆಗಿರಬೇಕು.

ಇನ್ನು ಇಂಟರ್‌ವೆನ್ಷನ್. ಇದು ಹುಟ್ಟುವುದು ಕಾಯಿಲೆಯ ಹೆಸರಿನಿಂದಲ್ಲ, ತೊಂದರೆಯ ಕಾರಣದಿಂದ. ಕಣಗಳು ಸಿಕ್ಕಿಕೊಳ್ಳಲು ನೀರಿನ ಕೊರತೆಯೂ ಕಾರಣವಾದರೆ ‘ದ್ರವ ಹೆಚ್ಚು ಕೊಡುವುದು’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಹೀಗೆ ಬರೆಯಬೇಕು: ‘ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಗಂಟೆಗೊಂದು ಲೋಟ, 200 ಮಿ.ಲೀ., ನೀರು, ಗಂಜಿ ಅಥವಾ ಮಜ್ಜಿಗೆ ಕುಡಿಸುವುದು; ಕುಡಿದದ್ದನ್ನೂ ಮೂತ್ರದ ಪ್ರಮಾಣವನ್ನೂ ಚಾರ್ಟಿನಲ್ಲಿ ಬರೆಯುವುದು.’ ಹನ್ನೆರಡು ಲೋಟಕ್ಕೆ 2,400 ಮಿ.ಲೀ. ಆಯಿತು. ಡ್ರಿಪ್ ಹೋಗುತ್ತಿದ್ದರೆ ಅದನ್ನೂ ಸೇರಿಸಿ, ವೈದ್ಯರು ಹೇಳಿದ ಒಟ್ಟು ಮಿತಿಯೊಳಗೆ ಲೋಟಗಳನ್ನು ಇಳಿಸಬೇಕು. ಈ ಕಾಯಿಲೆಯಲ್ಲಿ ದ್ರವ ಅತಿಯಾದರೂ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ.

ನೋವಿನ ಕಾಲಿಗೆ ಬೆಚ್ಚಗಿನ ಬಟ್ಟೆ ಇಡುವುದು ಸರಿ, ಐಸ್ ಇಡಬಾರದು. ತಂಪಿಗೆ ರಕ್ತನಾಳ ಇನ್ನಷ್ಟು ಕಿರಿದಾಗುತ್ತದೆ. ಇದನ್ನೂ ‘15 ನಿಮಿಷ, ಮೊದಲು ಬಿಸಿ ಪರೀಕ್ಷಿಸಿ, ಆಮೇಲೆ ಚರ್ಮ ನೋಡಿ’ ಎಂಬಷ್ಟು ಬಿಡಿಸಿಯೇ ಬರೆಯಬೇಕು. ಮಾರ್ಫಿನ್‌ನಂಥ ಔಷಧ ಕೊಟ್ಟಿದ್ದರೆ 30 ನಿಮಿಷದ ಮೇಲೆ ನೋವಿನ ಜೊತೆಗೆ ಉಸಿರನ್ನೂ ಎಣಿಸಬೇಕು. ನಿಮಿಷಕ್ಕೆ 10ಕ್ಕಿಂತ ಕಡಿಮೆಯಿದ್ದರೆ ಅಥವಾ ಹುಡುಗ ಕರೆದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ತಕ್ಷಣ ವೈದ್ಯರನ್ನು ಕರೆಯಬೇಕು.

ಒಂದು ಗಂಟೆ ಕಳೆಯಿತು. ಹುಡುಗ 6 ಎನ್ನುತ್ತಾನೆ. ಮುಖ ಸ್ವಲ್ಪ ಸಡಿಲಾಗಿದೆ, ಕಾಲು ಮಾತ್ರ ಅಲುಗಿಸುತ್ತಿಲ್ಲ. ಮೌಲ್ಯಮಾಪನದಲ್ಲಿ ‘ಗುರಿ ಭಾಗಶಃ ಮುಟ್ಟಿದೆ, 8ರಿಂದ 6’ ಎಂದು ಬರೆಯಬೇಕು. ಪೆನ್ನು ಅಲ್ಲಿಗೇ ನಿಲ್ಲಬಾರದು: ಎಷ್ಟು ಗಂಟೆಗೆ ವೈದ್ಯರಿಗೆ ತಿಳಿಸಿದೆವು, ಅವರು ಏನು ಬದಲಿಸಿದರು, ಮತ್ತೆ ಎಷ್ಟು ಗಂಟೆಗೆ ಅಳೆಯುತ್ತೇವೆ ಎಂಬುದೂ ಬೇಕು. ‘ನೋವು ಕಡಿಮೆಯಾಗುತ್ತದೆ’ ಎಂಬ ಹಳೆಯ ಸಾಲಿದ್ದಿದ್ದರೆ ಇದೇ 6ಕ್ಕೆ ‘ಗುರಿ ಮುಟ್ಟಿದೆ’ ಎಂದು ಸಹಿ ಬೀಳುತ್ತಿತ್ತು, ಹುಡುಗ ರಾತ್ರಿಯಿಡೀ ನರಳುತ್ತಿದ್ದ.

ಮನೆಗೆ ಕಳಿಸುವ ದಿನವೂ ಇದೇ ಕ್ರಮ. ‘ರೋಗಿಗೆ ಆರೋಗ್ಯ ಶಿಕ್ಷಣ ನೀಡಲಾಯಿತು’ ಎಂಬುದರ ಬದಲು, ‘ಜ್ವರ, ಎದೆನೋವು, ಉಸಿರಾಟದ ತೊಂದರೆ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಬರಬೇಕೆಂದು ರೋಗಿ ಹೊರಡುವ ಮುನ್ನ ತನ್ನ ಮಾತಿನಲ್ಲೇ ಹೇಳುತ್ತಾನೆ’ ಎಂದು ಬರೆಯಿರಿ. ಅವನು ಎರಡನ್ನೇ ಹೇಳಿದರೆ ಮೂರನೆಯದನ್ನು ಮತ್ತೆ ಹೇಳಿಕೊಟ್ಟು, ಮತ್ತೆ ಕೇಳಿ, ಆಮೇಲೆ ಬೆಟ್ಟದ ಬಸ್ ಹತ್ತಿಸಿ.