ಮಂಡಿ ಸವೆತವೋ, ರುಮಟಾಯ್ಡ್ ಸಂಧಿವಾತವೋ? ವಾರದ ಮಾತ್ರೆಯನ್ನು ದಿನವೂ ನುಂಗಿದರೆ ಅಪಾಯ!

ಕೀಲು ನೋವು ಎಂದ ಕೂಡಲೇ 'ವಾತ' ಎಂದು ಒಂದೇ ಹೆಸರಿಡುವುದು ನಮ್ಮಲ್ಲಿ ರೂಢಿ. ಆದರೆ ಒಂದೇ ಮನೆಯಲ್ಲಿ ಇಬ್ಬರಿಗೆ ನೋವಿದ್ದರೂ ಕಾಯಿಲೆ ಬೇರೆ, ಔಷಧ ಬೇರೆ ಆಗಿರಬಹುದು.

ನವಿ ಮುಂಬೈನ ಬೇಲಾಪುರದಲ್ಲಿರುವ ಒಂದು ಕನ್ನಡ ಕುಟುಂಬವನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಅತ್ತೆಗೆ 68 ವರ್ಷ, ಮಂಡಿ ನೋವು. ಸೊಸೆಗೆ 42, ದಿನವೂ ಹಾರ್ಬರ್ ಲೈನ್ ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ ಹೋಗಿ ಬರುವ ಉದ್ಯೋಗಿ. ಎರಡು ತಿಂಗಳಿಂದ ಬೆರಳು ನೋವು. ಅತ್ತೆಯ ನೋವಿನ ಮಾತ್ರೆಯನ್ನೇ ಸೊಸೆಯೂ ನುಂಗುತ್ತಿದ್ದಾರೆ.

ವ್ಯತ್ಯಾಸ ಗುರುತಿಸುವುದು ಹೇಗೆ?

ಅತ್ತೆಯದು ಆಸ್ಟಿಯೋ ಆರ್ಥ್ರೈಟಿಸ್. ಇದರಲ್ಲಿ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿ ಸವೆಯುತ್ತದೆ. ಬೆಳಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ನೋವು ಹೆಚ್ಚಿ, ಕುಳಿತರೆ ಇಳಿಯುತ್ತದೆ.

ಸೊಸೆಯದು ರುಮಟಾಯ್ಡ್ ಆರ್ಥ್ರೈಟಿಸ್. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಎರಡೂ ಕೈಗಳ ಮಣಿಕಟ್ಟು ಮತ್ತು ಬೆರಳ ಬುಡದ ಗೆಣ್ಣುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಹೆಚ್ಚು ಉಳಿದು, ಕೆಲಸ ಮಾಡುತ್ತಾ ಹೋದಂತೆ ಸಡಿಲವಾಗುತ್ತದೆ. ಜೊತೆಗೆ ವಿಪರೀತ ಸುಸ್ತು ಇರುತ್ತದೆ. ವೈದ್ಯರು ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ರಕ್ತಪರೀಕ್ಷೆ ಮಾಡಿಸುತ್ತಾರೆ. ಆದರೆ ವರದಿ ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ.

ನೋವಿನ ಮಾತ್ರೆ ಸೊಸೆಯ ನೋವನ್ನು ತಗ್ಗಿಸುತ್ತದೆಯೇ ಹೊರತು ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಹೀಗೆ ಕಳೆದ ತಿಂಗಳುಗಳಲ್ಲಿ ಆದ ಹಾನಿ ಮತ್ತೆ ಸರಿಹೋಗದು.

ಮೆಥೊಟ್ರೆಕ್ಸೇಟ್: ವಾರಕ್ಕೆ ಒಂದೇ ದಿನ

ಸೊಸೆಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಮೆಥೊಟ್ರೆಕ್ಸೇಟ್. ಇದನ್ನು ವಾರದಲ್ಲಿ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ವಾರಕ್ಕೆ 15 ಮಿ.ಗ್ರಾಂ. ಬರೆದಿದ್ದಾರೆ ಎಂದುಕೊಳ್ಳಿ. ಬಿ.ಪಿ. ಮಾತ್ರೆಯಂತೆ ದಿನವೂ ನುಂಗಿದರೆ ಒಂದೇ ವಾರದಲ್ಲಿ 105 ಮಿ.ಗ್ರಾಂ. ದೇಹ ಸೇರುತ್ತದೆ. ಇದು ಮೂಳೆಮಜ್ಜೆಯನ್ನು ಕುಗ್ಗಿಸಿ ಪ್ರಾಣಕ್ಕೇ ಕುತ್ತು ತರಬಹುದು.

ಹಾಗಾಗಿ ಒಂದು ವಾರವನ್ನು ಗೊತ್ತು ಮಾಡಿ, ಉದಾಹರಣೆಗೆ ಭಾನುವಾರ ಎಂದು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಮೆಡಿಕಲ್ ಶಾಪ್‌ನವರು ಮರಾಠಿಯಲ್ಲಿ 'ಆಠವಡ್ಯಾತೂನ್ ಏಕದಾ' ಎಂದರೆ ಅದು ವಾರಕ್ಕೊಮ್ಮೆ ಎಂದೇ ಅರ್ಥ. ಅತ್ತೆಯ ದಿನದ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಇಡಬೇಡಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬೇರೆ ದಿನಕ್ಕೆ. ಎರಡೂ ಚಿಕ್ಕ ಹಳದಿ ಮಾತ್ರೆಗಳಾಗಿರುವುದುಂಟು, ಹೆಸರು ಓದಿಯೇ ನುಂಗಿ.

ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಎರಡು ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಡೋಸ್ ಹೆಚ್ಚಿಸಿಕೊಳ್ಳಲೂಬೇಡಿ. ರಕ್ತಕಣ, ಲಿವರ್ ಮತ್ತು ಕಿಡ್ನಿ ಪರೀಕ್ಷೆಗಳನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಿ. ಬಾಯಲ್ಲಿ ಹುಣ್ಣು, ಜ್ವರ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಒಣಕೆಮ್ಮಿನೊಂದಿಗೆ ಉಬ್ಬಸ ಕಂಡರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಕೂಡಲೇ ವೈದ್ಯರನ್ನು ಕಾಣಿ. ಬೇರೆ ಕಾಯಿಲೆಗೆ ಯಾರಾದರೂ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಬರೆದರೆ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಲೇಬೇಕು. ಗರ್ಭಿಣಿಯರು ಈ ಔಷಧ ತೆಗೆದುಕೊಳ್ಳುವಂತಿಲ್ಲ. ಮದ್ಯಪಾನದಿಂದ ಲಿವರ್‌ಗೆ ಇನ್ನಷ್ಟು ಹಾನಿಯಾಗುತ್ತದೆ.

ಅತ್ತೆಯ ಮಂಡಿ ಸವೆತಕ್ಕೆ ಈ ಮಾತ್ರೆ ಬೇಕಿಲ್ಲ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ, ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅವರಿಗೆ ನೆರವಾಗುತ್ತವೆ. ಬಿ.ಪಿ. ಅಥವಾ ಕಿಡ್ನಿ ತೊಂದರೆ ಇದ್ದರೆ ನೋವಿನ ಮಾತ್ರೆಯನ್ನು ಸ್ವಂತವಾಗಿ ನುಂಗಬಾರದು.

ಕೀಲು ಕಾಪಾಡುವ ರೀತಿ

ಭಾರವನ್ನು ಚಿಕ್ಕ ಕೀಲಿನಿಂದ ದೊಡ್ಡ ಕೀಲಿಗೆ ವರ್ಗಾಯಿಸುವುದೇ ಇದರ ಮೂಲ ಸೂತ್ರ. ಲೋಕಲ್ ಹತ್ತುವಾಗ ಬ್ಯಾಗ್ ಬೆರಳಿನಲ್ಲಿ ತೂಗದೆ ಹೆಗಲಿಗೇರಲಿ. ಕುಕ್ಕರನ್ನು ಎರಡೂ ಕೈಯಲ್ಲಿ ಎತ್ತಿ. ಒದ್ದೆ ಬಟ್ಟೆಯನ್ನು ಹಿಂಡಿ ತಿರುಚುವ ಬದಲು ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಚಾಕು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬೆರಳು ಬಿಗಿಯಾಗಿ ಮಡಚಬೇಕಿಲ್ಲ. ಅತ್ತೆಯವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕುವ ಬದಲು ಎತ್ತರದ ಕುರ್ಚಿಯಲ್ಲಿ ಕೂರಲಿ.

ಕೆಲಸ ಅತಿಯಾಯಿತೇ ಎಂದು ತಿಳಿಯಲು ಸುಲಭ ಅಳತೆಯಿದೆ. ಕೆಲಸ ಮುಗಿದು ಎರಡು ಗಂಟೆಯಾದರೂ ಹೆಚ್ಚಿದ ನೋವು ಇಳಿಯದಿದ್ದರೆ, ಮರುದಿನ ಅದೇ ಕೆಲಸವನ್ನು ಕಡಿಮೆ ಮಾಡಿ, ನಡುವೆ ವಿರಾಮ ಕೊಡಿ. ಪೂರ್ತಿ ಬಿಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ.

ಬೆರಳ ಗೆಣ್ಣುಗಳ ಊತ ಮತ್ತು ಬೆಳಗಿನ ದೀರ್ಘ ಬಿಗಿತ ಕೆಲವು ವಾರಗಳಾದರೂ ಹೋಗದಿದ್ದರೆ ಸಂಧಿವಾತ ತಜ್ಞರನ್ನು ಕಾಣುವುದು ಒಳಿತು.