ದೂರದ ಗಿರಾಕಿಗೆ ಮಾವು ಮಾರುವವನ ಅಂಗಡಿಪುಟ

ಮಂಡಿಯಲ್ಲಿ ಮಾವಿನ ಹಣ್ಣನ್ನು ಕೊಳ್ಳುವವನು ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಮಾರುವವನ ಮುಖವನ್ನು ನೋಡಿ ಬೆಲೆ ಕಟ್ಟುತ್ತಾನೆ. ಅಂತರ್ಜಾಲದ ಅಂಗಡಿಯಲ್ಲಿ ಕೊಳ್ಳುವವನಿಗೆ ಈ ಮೂರು ಅನುಕೂಲಗಳೂ ಇಲ್ಲ. ಅವನು ಹಣವನ್ನು ಮೊದಲು ಕೊಟ್ಟು ಹಣ್ಣನ್ನು ಆಮೇಲೆ ಕಾಣುತ್ತಾನೆ. ಆದುದರಿಂದ ಅಂಗಡಿಯ ಪರಿಚಯ, ರವಾನೆಯ ಕಾಲ, ಹಣ ವಾಪಸಿನ ಕರಾರು ಮತ್ತು ಸಂಪರ್ಕದ ಕ್ರಮ ಇವುಗಳನ್ನು ತಿಳಿಸುವ ಪುಟವೇ ಅವನ ಪಾಲಿಗೆ ಮಾರುವವನ ಮುಖವಾಗಿರುತ್ತದೆ. ತೋಟದಿಂದ ನೇರವಾಗಿ ಪಟ್ಟಣದ ಮನೆಗಳಿಗೆ ಹಣ್ಣು ಕಳುಹಿಸುವ ಹಿಡುವಳಿದಾರರು ಈಗ ಅನೇಕರಿದ್ದಾರೆ. ಅವರಲ್ಲಿ ಬಹುಮಂದಿ ಹಣ್ಣಿಗೆ ಕೊಡುವ ಗಮನದ ಕಾಲು ಭಾಗವನ್ನೂ ಈ ಪುಟಕ್ಕೆ ಕೊಡುವುದಿಲ್ಲ.

ನಿದರ್ಶನಕ್ಕಾಗಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಬಾದಾಮಿ ಮಾವಿನ ತೋಟವುಳ್ಳ ಒಬ್ಬ ಬೆಳೆಗಾರನನ್ನು ಭಾವಿಸಿಕೊಳ್ಳಬಹುದು. ಅವನು 3 ಕಿಲೋಗ್ರಾಂ ಪೆಟ್ಟಿಗೆಯನ್ನು 600 ರೂಪಾಯಿಗೆ ಮಾರುತ್ತಾನೆ. ಪೆಟ್ಟಿಗೆಯಲ್ಲಿ ಸುಮಾರು 12 ಹಣ್ಣುಗಳಿರುತ್ತವೆ. ಗಿರಾಕಿಗಳು ಬೆಂಗಳೂರಿನವರು.

ಮೊದಲು ಪರಿಚಯದ ಭಾಗ. "ಉತ್ಕೃಷ್ಟ ಗುಣಮಟ್ಟ, ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ" ಎಂಬ ಮಾತನ್ನು ಯಾವ ಅಂಗಡಿಯವನು ಬೇಕಾದರೂ ಬರೆಯಬಲ್ಲನಾದುದರಿಂದ ಅದನ್ನು ಓದಿದವನಿಗೆ ಏನೂ ತಿಳಿದಂತಾಗುವುದಿಲ್ಲ. ಊರಿನ ಹೆಸರು, ತೋಟದ ವಿಸ್ತೀರ್ಣ, ಮರಗಳ ವಯಸ್ಸು, ಕೊಯ್ಯುವವರು ಯಾರು, ಹಣ್ಣು ಮಾಡುವ ವಿಧಾನವೇನು ಎಂಬುವನ್ನು ಬರೆಯತಕ್ಕದ್ದು. ಇವೆಲ್ಲ ವಿಚಾರಿಸಿದರೆ ನಿಜವೋ ಸುಳ್ಳೋ ತಿಳಿಯುವ ಸಂಗತಿಗಳು. ನಂಬಿಕೆ ಹುಟ್ಟುವುದು ಅಂಥವುಗಳಿಂದಲೇ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮಾವಳಿಯು ನಿಷೇಧಿಸಿದೆ. ಆದರೆ "ಕಾರ್ಬೈಡ್ ಇಲ್ಲ" ಎಂದಷ್ಟೇ ಬರೆಯುವುದಕ್ಕಿಂತ "ಹುಲ್ಲಿನಲ್ಲಿ ಅಡೆ ಹಾಕುತ್ತೇವೆ" ಎಂದು ಬರೆದು, ಅಡೆ ಹಾಕಿದ ಕೊಠಡಿಯ ಚಿತ್ರವೊಂದನ್ನು ಸೇರಿಸಿದರೆ ಹೆಚ್ಚು ಪ್ರಯೋಜನ. ಬೇರೆಯವರ ತೋಟದ ಅಂದವಾದ ಚಿತ್ರವನ್ನು ಎರವಲು ತರಕೂಡದು. ಪ್ರಮಾಣಪತ್ರವಿಲ್ಲದವನು ಸಾವಯವವೆಂಬ ಮಾತನ್ನೂ ಬಳಸಬಾರದು; ಯಾವ ಔಷಧವನ್ನು ಸಿಂಪಡಿಸಲಾಯಿತು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಲಾಯಿತು ಎಂಬುದನ್ನು ಇದ್ದಂತೆ ಬರೆದರೆ ಸಾಕು.

ಹೆಚ್ಚಿನ ತಕರಾರುಗಳಿಗೆ ಮೂಲವಾಗಿರುವುದು ರವಾನೆಯ ಕಾಲ. ಇಲ್ಲಿ ಎರಡು ಕಾಲಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಬೇಡಿಕೆ ಬಂದಂದಿನಿಂದ ಪೆಟ್ಟಿಗೆಯು ತೋಟವನ್ನು ಬಿಡುವವರೆಗಿನ ಸಿದ್ಧತೆಯ ಕಾಲ ಒಂದು. ಅಂಚೆಯವನ ಅಥವಾ ಕೊರಿಯರಿನವನ ಕೈಯಲ್ಲಿರುವ ಪ್ರಯಾಣದ ಕಾಲ ಇನ್ನೊಂದು. ಬೆಳೆಗಾರರು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ನೆನೆದು "ಎರಡು ದಿನದಲ್ಲಿ ಹಣ್ಣು ನಿಮ್ಮ ಮನೆಗೆ" ಎಂದು ಬರೆದುಬಿಡುತ್ತಾರೆ.

ನಮ್ಮ ನಿದರ್ಶನದ ಬೆಳೆಗಾರನು ವಾರಕ್ಕೊಮ್ಮೆ, ಸೋಮವಾರ, ಕೊಯ್ಯುತ್ತಾನೆ. ತೊಟ್ಟು ಉಳಿಸಿ ಕೊಯ್ದ ಕಾಯನ್ನು ಅಂದೇ ಸೊನೆ ಸೋರಿಸಿ, ಮಂಗಳವಾರ ಗಾತ್ರದಂತೆ ಆರಿಸಿ ಹುಲ್ಲಿನಲ್ಲಿಟ್ಟು, ಗುರುವಾರ ಬಣ್ಣ ತಿರುಗುತ್ತಿರುವಾಗ ಪೆಟ್ಟಿಗೆ ಕಟ್ಟುತ್ತಾನೆ. ಅಂದು ಸಂಜೆ ಹೊರಟ ಪೆಟ್ಟಿಗೆಯು ಶುಕ್ರವಾರವೋ ಶನಿವಾರವೋ ಬೆಂಗಳೂರಿನಲ್ಲಿ ತಲುಪುತ್ತದೆ. ಭಾನುವಾರ ಸಂಜೆ 6 ಗಂಟೆಯವರೆಗೆ ಬಂದ ಬೇಡಿಕೆಗಳನ್ನು ಮಾತ್ರ ಆ ವಾರದ ಕೊಯ್ಲಿಗೆ ಸೇರಿಸಲಾಗುತ್ತದೆ. ಹೀಗಿರುವಾಗ ಭಾನುವಾರ 5 ಗಂಟೆಗೆ ಹಣ ಕಟ್ಟಿದವನ ಪೆಟ್ಟಿಗೆ ನಾಲ್ಕನೆಯ ದಿನ ಹೊರಡುತ್ತದೆ. 7 ಗಂಟೆಗೆ ಕಟ್ಟಿದವನದು ಹನ್ನೊಂದನೆಯ ದಿನ. ಪ್ರಯಾಣವನ್ನು ಸೇರಿಸಿದರೆ ಕೆಲವರಿಗೆ ಐದೇ ದಿನ, ಕೆಲವರಿಗೆ ಹದಿಮೂರು ದಿನ. ಇಷ್ಟು ಅಂತರವಿರುವ ಕಾಲವನ್ನು ಒಂದೇ ಸಂಖ್ಯೆಯಿಂದ ಸೂಚಿಸಿದರೆ ಯಾರಾದರೊಬ್ಬರಿಗೆ ಅದು ಸುಳ್ಳಾಗಲೇಬೇಕು. ದಿನಗಳನ್ನು ಎಣಿಸುವ ಬದಲು ವಾರಗಳನ್ನೇ ಹೆಸರಿಸಿ, "ಭಾನುವಾರ ಸಂಜೆ 6ರೊಳಗೆ ಬಂದ ಬೇಡಿಕೆಯು ಮುಂದಿನ ಗುರುವಾರ ಹೊರಟು ಶನಿವಾರದೊಳಗೆ ತಲುಪುವುದು, ಆಮೇಲೆ ಬಂದದ್ದು ಅದರ ಮುಂದಿನ ವಾರ" ಎಂದು ಬರೆದರೆ ಎಲ್ಲರಿಗೂ ನಿಜವಾಗುತ್ತದೆ.

ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೋಮವಾರ ಮಳೆ ಬಂದು ಕೊಯ್ಲು ಮಂಗಳವಾರಕ್ಕೆ ಹೋದರೆ ಪೆಟ್ಟಿಗೆ ಶುಕ್ರವಾರ ಹೊರಡುತ್ತದೆ. ಭಾನುವಾರ ಬಟವಾಡೆ ಇಲ್ಲದ ಕಡೆ ಅದು ಸೋಮವಾರ ತಲುಪೀತು. ಇದನ್ನೂ ಪುಟದಲ್ಲಿ ಮೊದಲೇ ಹೇಳಿ, ಹಾಗಾದ ವಾರ ಸೋಮವಾರ ಸಂಜೆಯೇ ಎಲ್ಲ ಗಿರಾಕಿಗಳಿಗೂ ಸಂದೇಶ ಕಳುಹಿಸಬೇಕು. ಇದು ಬರಿಯ ಸೌಜನ್ಯದ ವಿಷಯವಲ್ಲ. ಮಾರುಕಟ್ಟೆ ಜಾಲತಾಣಗಳ ಮೂಲಕ ಮಾರುವವನಿಗೆ ಅನ್ವಯಿಸುವ 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳಂತೆ, ಅವನು ತಾನೇ ತಿಳಿಸಿದ ಕಾಲಕ್ಕಿಂತ ತಡವಾಗಿ ಸರಕು ತಲುಪಿದರೆ, ತನ್ನ ಕೈಮೀರಿದ ಕಾರಣವಿದ್ದ ಹೊರತು, ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಗಿರಾಕಿಯನ್ನು ಸೆಳೆಯಲೆಂದು ಬರೆದ "ಎರಡು ದಿನ"ವು ಬರೆದವನನ್ನೇ ಕಟ್ಟಿಹಾಕುತ್ತದೆ.

ತಲುಪಿದ ಹಣ್ಣು ಯಾವ ಸ್ಥಿತಿಯಲ್ಲಿರುವುದೆಂದು ರವಾನೆಯ ಭಾಗದಲ್ಲಿಯೇ ಹೇಳಬೇಕು. ಗಟ್ಟಿಯಾಗಿ ಅರೆ ಹಸಿರಾಗಿರುವ ಹಣ್ಣನ್ನು ಕಂಡ ಪಟ್ಟಣದವರು ಕಾಯಿ ಕಳುಹಿಸಿದರೆಂದು ದೂರುತ್ತಾರೆ. ಎರಡರಿಂದ ನಾಲ್ಕು ದಿನ ಮನೆಯಲ್ಲಿ ಗಾಳಿಯಾಡುವೆಡೆ ಕಾಗದದ ಮೇಲೆ ಹರಡಿಡಬೇಕು, ಮಾಗುವವರೆಗೆ ಶೀತಪೆಟ್ಟಿಗೆಗೆ ಹಾಕಬಾರದು ಎಂಬ ಎರಡು ಸಾಲುಗಳಿಂದ ಈ ದೂರು ಬಹುಮಟ್ಟಿಗೆ ತಪ್ಪುತ್ತದೆ.

ಹಣ ವಾಪಸಿನ ಕರಾರಿನಲ್ಲಿ ಬಾದಾಮಿಗೇ ವಿಶೇಷವಾದ ತೊಡಕೊಂದಿದೆ. ಜಜ್ಜಿದ ಅಥವಾ ಕೊಳೆತ ಹಣ್ಣು ಪೆಟ್ಟಿಗೆ ತೆರೆದೊಡನೆ ಕಾಣುತ್ತದೆ. ಅದಕ್ಕೆ 24 ಗಂಟೆಯೊಳಗೆ ಚಿತ್ರ ಕಳುಹಿಸಬೇಕೆಂಬ ನಿಯಮ ನ್ಯಾಯವಾದುದು. ಆದರೆ ಬಾದಾಮಿಯ ತಿರುಳು ಓಟೆಯ ಸುತ್ತ ಮಾಸಲಾಗಿ, ಬೆಂಡಿನಂತೆ, ಹುಳಿಯಾಗಿ ಕೆಡುವುದುಂಟು. ಈ ದೋಷವು ಹೊರಗೆ ಏನೂ ಕಾಣದೆ, ಮಾಗಿದ ಹಣ್ಣನ್ನು ಕೊಯ್ದಾಗಲೇ ತಿಳಿಯುತ್ತದೆ. ನಾಲ್ಕು ದಿನ ಇಟ್ಟು ತಿನ್ನಿರೆಂದು ಹೇಳಿ ಒಂದೇ ದಿನದ ಗಡುವು ಕೊಡುವವನು ಗಿರಾಕಿಯ ಕಣ್ಣಿಗೆ ವಂಚಕನಾಗುತ್ತಾನೆ. ಹೊರಗಿನ ದೋಷಕ್ಕೆ ಒಂದು ದಿನ, ಒಳಗಿನ ದೋಷಕ್ಕೆ ಆರು ದಿನ ಎಂದು ಎರಡು ಗಡುವುಗಳನ್ನಿಡತಕ್ಕದ್ದು. ಎರಡು ಹಣ್ಣು ಕೆಟ್ಟಿದ್ದರೆ 600ರಲ್ಲಿ ಆರನೆಯ ಒಂದು ಪಾಲು, ಅಂದರೆ 100 ರೂಪಾಯಿ, ಹಿಂದಕ್ಕೆ ಸಲ್ಲುವುದೆಂದು ಲೆಕ್ಕವನ್ನೇ ಬರೆದಿಟ್ಟರೆ ಚೌಕಾಶಿಗೆ ಎಡೆಯಿರುವುದಿಲ್ಲ. ಕೆಟ್ಟ ಹಣ್ಣನ್ನು ವಾಪಸು ಕೇಳುವುದು ವ್ಯರ್ಥ. ಸಾಗಣೆಯ ಕೂಲಿಯೇ ಹಣ್ಣಿನ ಬೆಲೆಯನ್ನು ಮೀರೀತು.

ಸಂಪರ್ಕದ ವಿಷಯದಲ್ಲಿ, ಹಗಲೆಲ್ಲ ಉತ್ತರಿಸುವೆನೆಂದು ಬರೆದು ತೋಟದಲ್ಲಿದ್ದುಕೊಂಡು ಫೋನ್ ಎತ್ತದಿರುವುದಕ್ಕಿಂತ, "ಮಧ್ಯಾಹ್ನ 2ರಿಂದ 4ರವರೆಗೆ ಕರೆ, ಸಂದೇಶಕ್ಕೆ ಮರುದಿನ ಸಂಜೆಯೊಳಗೆ ಉತ್ತರ, ಭಾಷೆ ಕನ್ನಡ, ತೆಲುಗು" ಎಂದು ಬರೆಯುವುದು ಲೇಸು. ಮೇಲೆ ಹೇಳಿದ ನಿಯಮಗಳು ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಲು, ಒಂದು ತಿಂಗಳೊಳಗೆ ಪರಿಹರಿಸಲು ವಿಧಿಸುತ್ತವೆ. ಮಾವಿನ ಹಣ್ಣು ಅಷ್ಟು ಕಾಯುವ ವಸ್ತುವಲ್ಲ. ಉತ್ತರ ಕೊಡುವವರ ಹೆಸರು, ಪೂರ್ಣ ವಿಳಾಸ ಇವು ಇರಲೇಬೇಕು. ದೂರುವವರು ಬೇಡಿಕೆಯ ಸಂಖ್ಯೆಯನ್ನು ಬರೆಯಬೇಕೆಂದು ಕೇಳಬಹುದು. ಹಣ ಹಿಂದಿರುಗಿಸಲು ಯಾರೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲವೆಂದು ಒಂದು ಸಾಲು ಸೇರಿಸುವುದು ಈ ಕಾಲದಲ್ಲಿ ಅವಶ್ಯಕ.

ಬಾದಾಮಿಯ ಕೊಯ್ಲು ಮುಗಿದ ದಿನವೇ ಪುಟದಲ್ಲಿ "ಈ ವರ್ಷದ ಮಾರಾಟ ಮುಗಿಯಿತು" ಎಂದು ಬರೆದು ಬೇಡಿಕೆಯ ದಾರಿಯನ್ನು ಮುಚ್ಚಬೇಕು. ಮರೆತು ಬಿಟ್ಟ ಪುಟಕ್ಕೆ ಜುಲೈ ತಿಂಗಳಿನಲ್ಲಿಯೂ ಹಣ ಬಂದು ಬೀಳುತ್ತದೆ, ಕಳುಹಿಸಲು ಹಣ್ಣಿರುವುದಿಲ್ಲ.